ಬಾಗಿಲ ಮೇಲಿನ 'ನಾಳೆ ಬಾ'

ನಿನ್ನೆ ಮಧ್ಯಾಹ್ನದಿಂದ ಮನಸ್ಸು ಸರಿಯಿಲ್ಲ. ಬರೆದುಬಿಡುತ್ತೇನೆ.

ನಮ್ಮ ಸ್ಟಾಫ್ ರೂಮಿನಲ್ಲಿ ಎಂ.ಎ. ಕೊನೆಯ ವರ್ಷದ ಹುಡುಗಿಯೊಬ್ಬಳು ತಲೆ ತಗ್ಗಿಸಿ ನಿಂತಿದ್ದಳು. ಡಿಸರ್ಟೇಷನ್ನಿನ ಎರಡನೆಯ ಅಧ್ಯಾಯ ಕೊಡುವುದು ಎರಡು ತಿಂಗಳು ತಡವಾಗಿದೆ. ಹಿರಿಯ ಸಹೋದ್ಯೋಗಿಯೊಬ್ಬರು ಎಲ್ಲರೆದುರಿಗೆ, "ಸೋಮಾರಿತನಕ್ಕೆ ಮದ್ದಿಲ್ಲ ಕಣಮ್ಮ. ಟೈಮ್ ಟೇಬಲ್ ಹಾಕ್ಕೋ, ಬೆಳಿಗ್ಗೆ ಐದಕ್ಕೆ ಎದ್ದು ಬರಿ" ಅಂದರು. ಈ ಹುಡುಗಿ ದಿನಾ ಏಳುವುದೇ ನಾಲ್ಕೂವರೆಗೆ. ಮನೆಯ ಅಡುಗೆ ಮುಗಿಸಿ, ಎರಡು ಬಸ್ಸು ಹಿಡಿದು ಕ್ಲಾಸಿಗೆ ಬರುತ್ತಾಳೆ, ಸಂಜೆ ಟ್ಯೂಷನ್ನಿನಲ್ಲಿ ಮೂವತ್ತು ಮಕ್ಕಳಿಗೆ ಪಾಠ ಹೇಳುತ್ತಾಳೆ. ನನ್ನ ಪೇಪರಿನ ಅಸೈನ್‌ಮೆಂಟ್ ಒಂದು ದಿನವೂ ತಡ ಮಾಡಿದವಳಲ್ಲ. ಅವಳು ಸೋಮಾರಿಯಂತೆ!

ಆಮೇಲೆ ಕಾರಿಡಾರಿನಲ್ಲಿ ಅವಳನ್ನು ಒಂದೇ ಪ್ರಶ್ನೆ ಕೇಳಿದೆ. "ಆ ಫೈಲ್ ತೆಗೆಯಕ್ಕೆ ಹೋದಾಗ ಏನಾಗುತ್ತೆ?"

"ಎದೆ ಹಿಡ್ಕೊಂಡ ಹಾಗಾಗುತ್ತೆ ಮೇಡಂ. ಮೊದಲ್ನೇ ಅಧ್ಯಾಯದ ತುಂಬ ಕೆಂಪು ಇಂಕಿನ ಗುರುತು ಬಂದಿತ್ತಲ್ಲ, ಅದೇ ಕಣ್ಮುಂದೆ ಬರುತ್ತೆ. ಬ್ಯಾಗ್ ಮುಚ್ಚಿಬಿಟ್ರೆ ಸಮಾಧಾನ."

ಆ ಕೊನೆಯ ಮಾತಿನಲ್ಲೇ ಎಲ್ಲವೂ ಇದೆ. ಬ್ಯಾಗ್ ಮುಚ್ಚಿದ ಕೂಡಲೇ ಸಮಾಧಾನ ಸಿಗುತ್ತದೆ, ಅದು ಕೂಡಲೇ ಸಿಗುವುದರಿಂದಲೇ ಮನಸ್ಸು ಆ ದಾರಿಯನ್ನು ಕಲಿತುಬಿಡುತ್ತದೆ. ನಾಳೆ ಫೈಲ್ ಕಂಡಾಗ ಮತ್ತೆ ಅದೇ ದಾರಿ ಹಿಡಿಯುತ್ತದೆ. ಟಿಮೊಥಿ ಪಿಚಿಲ್ ಮತ್ತು ಫ್ಯೂಷಿಯಾ ಸಿರ್ವಾ ಎಂಬ ಮನೋವಿಜ್ಞಾನಿಗಳು 2013ರ ತಮ್ಮ ಲೇಖನದಲ್ಲಿ ಹೇಳಿದ್ದು ಇದನ್ನೇ: ಕೆಲಸ ಮುಂದೂಡುವವನು ಆ ಕ್ಷಣಕ್ಕೆ ರಿಪೇರಿ ಮಾಡಿಕೊಳ್ಳುತ್ತಿರುವುದು ತನ್ನ ಮನಸ್ಥಿತಿಯನ್ನು, ಅದರ ಬೆಲೆ ತೆರುವವನು ನಾಳೆಯ ಅವನೇ.

ನಮ್ಮೂರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದದ್ದು ನೆನಪಿದೆಯಲ್ಲ? ರಾತ್ರಿ ಬಂದ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಬರೆದವರು ಯಾರೂ ಸೋಮಾರಿಗಳಲ್ಲ, ಹೆದರಿದವರು. ಆ ಹುಡುಗಿಯ ಬ್ಯಾಗಿನ ಮೇಲೂ ಅದನ್ನೇ ಬರೆದಿದೆ. ಅದನ್ನು ನೋಡಿ ಅವಳ ಕೈಗೆ ಟೈಮ್ ಟೇಬಲ್ ಕೊಡುತ್ತೇವೆ!

ಟೈಮ್ ಟೇಬಲ್ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ಗಂಟೆಗಳು ಸಾಲದವರಿಗೆ, ಯಾವುದು ಮೊದಲು ಅಂತ ತಿಳಿಯದವರಿಗೆ ಅದು ಬೇಕು. ಆದರೆ ಸಂಜೆ ಏಳರಿಂದ ಎಂಟು 'ಅಧ್ಯಾಯ ಎರಡು' ಅಂತ ಬರೆದಿಟ್ಟರೆ, ಏಳು ಗಂಟೆಗೆ ಅವಳ ಎದುರು ಬಂದು ಕೂರುವುದು ಅದೇ ಭಯ.

ಅಮೆರಿಕದಲ್ಲಿ ಡಯಾನ್ ಟೈಸ್ ಮತ್ತು ಸಂಗಡಿಗರು ಮಾಡಿದ, 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬ ಹಿಡಿಸಿದ್ದು. ವಿದ್ಯಾರ್ಥಿಗಳಿಗೆ ಗಣಿತದ ಪರೀಕ್ಷೆ ಇದೆ, ಮೊದಲು 15 ನಿಮಿಷ ಅಭ್ಯಾಸ ಮಾಡಿ ಅಂದರು. ಕೋಣೆಯಲ್ಲಿ ಮನಸ್ಸು ಸೆಳೆಯುವ ಆಟದ ಸಾಮಾನೂ ಇಟ್ಟಿದ್ದರು. ಅದಕ್ಕೂ ಮುಂಚೆ ಕೆಲವರಿಗೆ ಬೇಸರ ಬರುವಂತೆ ಮಾಡಿದ್ದರು. ಬೇಸರದಲ್ಲಿದ್ದವರು ಹೆಚ್ಚು ಹೊತ್ತು ಆಟದಲ್ಲೇ ಕಳೆದರು, ಸರಿ. ಆದರೆ ಬೇಸರದಲ್ಲಿದ್ದ ಇನ್ನೂ ಕೆಲವರಿಗೆ, ಇಲ್ಲಿ ಹಚ್ಚಿರುವ ಸುವಾಸನೆಯ ಮೇಣದಬತ್ತಿಯಿಂದ ನಿಮ್ಮ ಈಗಿನ ಮನಸ್ಥಿತಿ ಸ್ವಲ್ಪ ಹೊತ್ತು ಬದಲಾಗುವುದಿಲ್ಲ ಅಂತ ನಂಬಿಸಿದ್ದರು. ಅವರು ಹಾಗೆ ಕಾಲ ಕಳೆಯಲಿಲ್ಲ. ಯೋಚಿಸಿ ನೋಡಿ. ಅದೇ ಪರೀಕ್ಷೆ, ಅದೇ 15 ನಿಮಿಷ, ಅದೇ ಬೇಸರ. ಆಟ ಆಡಿದರೂ ಮನಸ್ಸು ಹಗುರಾಗದು ಅಂತ ಗೊತ್ತಾದಾಗ ಮುಂದೂಡುವುದಕ್ಕೆ ಕಾರಣವೇ ಉಳಿಯಲಿಲ್ಲ. ಸೋಮಾರಿತನವಾಗಿದ್ದರೆ ಒಂದು ಮೇಣದಬತ್ತಿಯ ಮಾತಿಗೆ ಹೋಗುತ್ತಿತ್ತೇ?

ನನ್ನ ಪಿಎಚ್‌ಡಿ ಎರಡು ವರ್ಷ ತಡವಾದ ಕಥೆ ನಿಮಗೆಲ್ಲ ಗೊತ್ತು. ಅತ್ತೆಯ ಕಾಯಿಲೆ, ಮಗುವಿನ ಸ್ಕೂಲು ಅಂತ ಎಲ್ಲರಿಗೂ ಹೇಳಿದ್ದೆ. ಹೇಳದೇ ಇದ್ದದ್ದು ಒಂದಿದೆ. ಗೈಡ್ ತಿದ್ದಿ ಕಳಿಸಿದ್ದ ಮೂರನೆಯ ಅಧ್ಯಾಯದ ಕವರನ್ನು ನಾನು ಏಳು ತಿಂಗಳು ಒಡೆಯಲೇ ಇಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಆ ಏಳು ತಿಂಗಳಲ್ಲಿ ಒಂದು ದಿನವೂ ಸುಮ್ಮನೆ ಕೂತವಳಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದೆ, ಇಲಾಖೆಯ ಸೆಮಿನಾರಿನ ಓಡಾಟವನ್ನೆಲ್ಲ ಮೈಮೇಲೆ ಹಾಕಿಕೊಂಡೆ. ರಾತ್ರಿ ಮಲಗಿದಾಗ ಮಾತ್ರ ಕವರು ನೆನಪಾಗುತ್ತಿತ್ತು. ಕೊನೆಗೆ ಒಡೆದಾಗ ಒಳಗಿದ್ದ ಮಾತುಗಳು ನಿಜಕ್ಕೂ ಖಾರವಾಗಿದ್ದವು, ನಾನು ಹೆದರಿದ್ದು ಸುಳ್ಳಲ್ಲ. ತಿದ್ದುವುದಕ್ಕೆ ಹನ್ನೊಂದು ದಿನ ಹಿಡಿಯಿತು.

ಅದಕ್ಕೇ ಹೇಳುತ್ತೇನೆ, ಸೋಮಾರಿತನಕ್ಕೂ ಇದಕ್ಕೂ ವ್ಯತ್ಯಾಸ ಕಾಣುತ್ತದೆ. ಕೆಲಸ ಬೇಡ ಅನ್ನುವವನು ಕಾಲು ಚಾಚಿ ನೆಮ್ಮದಿಯಿಂದ ಮಲಗುತ್ತಾನೆ. ಇವರಿಗೆ ನೆಮ್ಮದಿಯೇ ಇರುವುದಿಲ್ಲ. ಬೇರೆ ಹತ್ತು ಕೆಲಸ ಚಕಚಕ ಮುಗಿಸುತ್ತಾರೆ, ಒಂದರ ಹತ್ತಿರ ಮಾತ್ರ ಸುಳಿಯುವುದಿಲ್ಲ. ಆ ಒಂದರಲ್ಲಿ ಏನೋ ಚುಚ್ಚುತ್ತಿರುತ್ತದೆ. ಏನು ಮುಟ್ಟಿದರೂ ಹೀಗೇ ಆಗುತ್ತಿದ್ದರೆ, ಹಾಸಿಗೆಯಿಂದ ಏಳುವುದೇ ಭಾರವಾಗಿದ್ದರೆ, ಅಥವಾ ಚಿಕ್ಕಂದಿನಿಂದ ಯಾವುದರ ಮೇಲೂ ಗಮನ ನಿಲ್ಲದಿದ್ದರೆ ಅದು ಖಿನ್ನತೆಯೋ ಎಡಿಎಚ್‌ಡಿಯೋ ಇರಬಹುದು. ಅದನ್ನು ಡಾಕ್ಟರೇ ನೋಡಬೇಕು, ನನ್ನ ಈ ಮಾತುಗಳು ಅಲ್ಲಿಗೆ ಸಾಲವು.

"ಹೀಗೆಲ್ಲ ಸಮಜಾಯಿಷಿ ಕೊಟ್ಟರೆ ಮಕ್ಕಳು ಹಾಳಾಗ್ತಾರೆ, ನಮ್ಮನ್ನ ಬೈದೇ ಬೆಳೆಸಿದ್ದು" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಬೈದರೆ ಕೆಲಸ ಆಗುವುದು ನಿಜ. ಬೈಗುಳದ ಭಯ ಕೆಲಸದ ಭಯಕ್ಕಿಂತ ದೊಡ್ಡದಾದ ದಿನ, ಅಂದರೆ ಕೊನೆಯ ರಾತ್ರಿ, ಹೇಗೋ ಮುಗಿಸುತ್ತಾರೆ. ಆದರೆ ಮುಂದಿನ ಅಧ್ಯಾಯ ಕೈಗೆತ್ತಿಕೊಳ್ಳುವಾಗ ಆ ಬೈಗುಳವೂ ಅದಕ್ಕೆ ಅಂಟಿಕೊಂಡು ಬರುತ್ತದೆ. ಮುಂಚೆ ಒಂದು ಭಯವಿತ್ತು, ಈಗ ಎರಡು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ವೋಲ್, ಪಿಚಿಲ್ ಮತ್ತು ಇನ್ನೊಬ್ಬರು ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳ ಉದ್ದಕ್ಕೂ ಗಮನಿಸಿ 2010ರಲ್ಲಿ ಬರೆದರು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ಮುಂದೂಡಿದರು. ಕ್ಷಮಿಸಿಕೊಂಡಾಗ ಆ ವಿಷಯದ ಸುತ್ತಲಿನ ಕಹಿ ಇಳಿದಿತ್ತು. ಹಾಳಾಗಲಿಲ್ಲ ಸ್ವಾಮಿ, ಓದಿದರು.

ಅವಳನ್ನು ನಿನ್ನೆ ಸಂಜೆ ನನ್ನ ಕೋಣೆಗೆ ಕರೆದು ಕೂರಿಸಿಕೊಂಡೆ. ಇದನ್ನು ಬರೆಯಲು ಅವಳ ಒಪ್ಪಿಗೆ ಇದೆ. ಬರೆಯುವುದು ಬೇಡ, ತಿದ್ದುವುದೂ ಬೇಡ, ಈ ಹಾಳೆಗಳಲ್ಲಿ ನಿನಗೆ ಯಾವುದರ ಭಯ ಅಂತ ಒಂದು ಚೀಟಿಯಲ್ಲಿ ಬರಿ ಅಂದೆ. ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದಳು. 'ನನಗೆ ಯೋಚನೆ ಮಾಡೋಕೇ ಬರಲ್ಲ ಅಂತ ಗೊತ್ತಾಗಿಬಿಡುತ್ತೆ' ಅಂತ ಬರೆದಳು. ಆಮೇಲೆ ಕೆಂಪು ಗುರುತುಗಳನ್ನು ಒಂದೊಂದಾಗಿ ಎಣಿಸಿದೆವು, ಒಟ್ಟು 14. ಅದರಲ್ಲಿ 9 ಅಡಿಟಿಪ್ಪಣಿಯಲ್ಲಿ ಪುಟಸಂಖ್ಯೆ ಬಿಟ್ಟಿದ್ದಕ್ಕೆ. 4 ಅಲ್ಪಪ್ರಾಣ-ಮಹಾಪ್ರಾಣದ ತಪ್ಪು. ವಾದ ನಿಲ್ಲುವುದಿಲ್ಲ ಅಂತ ಗೈಡ್ ಬರೆದಿದ್ದದ್ದು ಒಂದೇ ಒಂದು ಕಡೆ. ಎರಡು ತಿಂಗಳಿಂದ ಅವಳು ಹೆದರಿದ್ದದ್ದು ಆ ಒಂದಕ್ಕೆ, ಅದರ ಬಣ್ಣ ಮಿಕ್ಕ 13ಕ್ಕೂ ಹತ್ತಿತ್ತು.

ಪುಟಸಂಖ್ಯೆಗಳನ್ನು ಅಲ್ಲೇ ಕೂತು ಹಾಕಲು ಶುರು ಮಾಡಿದಳು. ಬಸ್ಸಿನ ಹೊತ್ತಾಗುವಷ್ಟರಲ್ಲಿ ಆರು ಮುಗಿದಿದ್ದವು. ಆ ಹದಿನಾಲ್ಕನೆಯ ಗುರುತನ್ನು ಸೋಮವಾರ ಮೂರು ಗಂಟೆಗೆ ಇಬ್ಬರೂ ಕೂತು ಓದುತ್ತೇವೆ. ಅದರಲ್ಲಿ ಅವಳ ಗೈಡ್ ಹೇಳಿರುವುದು ಸರಿಯಾಗಿಯೇ ಇದೆ, ಅದನ್ನೂ ಅವಳಿಗೆ ಹೇಳಿದ್ದೇನೆ.