ಅಕ್ಕನ ಸ್ಟೇಟ್‌ಮೆಂಟಿನಲ್ಲಿದ್ದ ಒಂದು ಸಾಲು: ಡೈರೆಕ್ಟ್ ಪ್ಲಾನ್ ಮತ್ತು ರೆಗ್ಯುಲರ್ ಪ್ಲಾನ್ ಕುರಿತು

ದಾವಣಗೆರೆಯಲ್ಲಿರುವ ನನ್ನ ಅಕ್ಕ ಪ್ರೌಢಶಾಲಾ ಶಿಕ್ಷಕಿಯಾಗಿ ನಿವೃತ್ತಳಾದವಳು. 2021ರಲ್ಲಿ ತಾನು ಖಾತೆ ಹೊಂದಿರುವ ಬ್ಯಾಂಕಿನ ಸಿಬ್ಬಂದಿಯೊಬ್ಬರ ಸಲಹೆಯಂತೆ ಒಂದು ಈಕ್ವಿಟಿ ಮ್ಯೂಚುವಲ್ ಫಂಡಿನಲ್ಲಿ 5 ಲಕ್ಷ ರೂಪಾಯಿ ಹಾಕಿದ್ದಳು. ಕಳೆದ ಅಕ್ಟೋಬರಿನಲ್ಲಿ ಬಂದ ಅರ್ಧವಾರ್ಷಿಕ ಸ್ಟೇಟ್‌ಮೆಂಟನ್ನು ನನಗೆ ತೋರಿಸಿದಾಗ ಅದರ ಮೌಲ್ಯ 8 ಲಕ್ಷವಾಗಿತ್ತು. ಅದೇ ಪುಟದಲ್ಲಿ, ಆರು ತಿಂಗಳಲ್ಲಿ ವಿತರಕರಿಗೆ ಸಂದಾಯವಾದ ಕಮಿಷನ್ ಸುಮಾರು 3,900 ರೂಪಾಯಿ ಎಂದೂ ಇತ್ತು. "ನಾನು ಯಾರಿಗೂ ಒಂದು ರೂಪಾಯಿ ಕಮಿಷನ್ ಕೊಟ್ಟಿಲ್ಲವಲ್ಲೋ" ಎಂದಳು. ಅವಳು ಹೇಳಿದ್ದು ನಿಜ. ಚೆಕ್ ಬರೆದು ಅವಳು ಏನನ್ನೂ ಕೊಟ್ಟಿರಲಿಲ್ಲ, ಖಾತೆಯಿಂದ ಹಣ ಕಡಿತವಾದ ಸಂದೇಶವೂ ಬಂದಿರಲಿಲ್ಲ. ಈ ಬರಹಕ್ಕೆ ಕಾರಣ ಅದೇ.

ಫಂಡಿನ ನಿರ್ವಹಣಾ ವೆಚ್ಚವನ್ನು ವರ್ಷದ ಕೊನೆಗೆ ಒಟ್ಟಾಗಿ ಕಳೆಯುವುದಿಲ್ಲ. ವಾರ್ಷಿಕ ವೆಚ್ಚದ ಒಂದೊಂದು ದಿನದ ಪಾಲನ್ನು ಫಂಡಿನ ಆಸ್ತಿಯಿಂದ ದಿನವೂ ಕಳೆದು, ಉಳಿದದ್ದನ್ನು ಯೂನಿಟ್‌ಗಳಿಗೆ ಹಂಚಿ ಆ ದಿನದ ಯೂನಿಟ್ ಬೆಲೆಯಾದ ಎನ್‌ಎವಿಯನ್ನು ಪ್ರಕಟಿಸುತ್ತಾರೆ. ವಿತರಕರ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನಿನಲ್ಲಿ ಆ ವೆಚ್ಚದೊಳಗೇ ವಿತರಕರ ಟ್ರೇಲ್ ಕಮಿಷನ್ ಸೇರಿರುತ್ತದೆ, ಮತ್ತು ಯೂನಿಟ್‌ಗಳು ನಮ್ಮಲ್ಲಿ ಇರುವಷ್ಟು ಕಾಲವೂ ಅದು ಸಲ್ಲುತ್ತಲೇ ಇರುತ್ತದೆ. 2009ರ ಆಗಸ್ಟ್‌ಗೆ ಮೊದಲು ಈಕ್ವಿಟಿ ಫಂಡಿಗೆ ಹಣ ಹಾಕುವಾಗಲೇ ಸಾಮಾನ್ಯವಾಗಿ ಶೇ. 2.25ರಷ್ಟು ಪ್ರವೇಶ ಶುಲ್ಕ ಹಿಡಿಯುತ್ತಿದ್ದರು. ಅದು ಕಣ್ಣಿಗೆ ಕಾಣುತ್ತಿತ್ತು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದನ್ನು ರದ್ದು ಮಾಡಿತು. ನಂತರ 2013ರ ಜನವರಿ 1ರಿಂದ, ವಿತರಕರ ಮೂಲಕ ಬಾರದ ಹೂಡಿಕೆದಾರರಿಗಾಗಿ ಪ್ರತಿ ಯೋಜನೆಯಲ್ಲೂ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಇರಬೇಕೆಂದು ಕಡ್ಡಾಯಗೊಳಿಸಿತು. ಎರಡೂ ಪ್ಲಾನ್‌ಗಳಿಗೆ ಫಂಡ್ ಮ್ಯಾನೇಜರ್ ಒಬ್ಬರೇ, ಕೊಳ್ಳುವ ಷೇರುಗಳೂ ಅವೇ. ಬೇರೆಯಾಗುವುದು ವೆಚ್ಚ, ಅದರಿಂದಾಗಿ ಎನ್‌ಎವಿ.

ಡೈರೆಕ್ಟ್ ಪ್ಲಾನಿನ ಎನ್‌ಎವಿ ಹೆಚ್ಚಿರುವುದನ್ನು ನೋಡಿ "ಇದು ದುಬಾರಿ, ಯೂನಿಟ್ ಕಡಿಮೆ ಸಿಗುತ್ತವೆ" ಎನ್ನುವವರನ್ನು ನಾನು ಕಂಡಿದ್ದೇನೆ. ವಾಸ್ತವದಲ್ಲಿ ಆ ಅಂತರವೇ ಕಮಿಷನ್ನಿನ ಲೆಕ್ಕಪುಸ್ತಕ. 2013ರ ನಂತರ ಆರಂಭವಾದ ಯಾವುದಾದರೂ ಯೋಜನೆಯನ್ನು ತೆಗೆದುಕೊಳ್ಳಿ. ಸಾಮಾನ್ಯವಾಗಿ ಎರಡೂ ಪ್ಲಾನ್‌ಗಳು ಒಂದೇ ದಿನ 10 ರೂಪಾಯಿಯಿಂದ ಹೊರಟಿರುತ್ತವೆ. ಇಂದು ಡೈರೆಕ್ಟ್ ಪ್ಲಾನಿನ ಎನ್‌ಎವಿ 33 ರೂಪಾಯಿ, ರೆಗ್ಯುಲರ್‌ನದು 30 ರೂಪಾಯಿ ಇದ್ದರೆ, ಮೊದಲ ದಿನ ಸಮನಾಗಿ ಹಣ ಹಾಕಿದ ಇಬ್ಬರಲ್ಲಿ ಒಬ್ಬರ ಬಳಿ ಶೇ. 10ರಷ್ಟು ಹೆಚ್ಚು ಹಣವಿದೆ ಎಂದರ್ಥ. ಈ ಹೋಲಿಕೆಗೆ ಎರಡರಲ್ಲೂ ಗ್ರೋತ್ ಆಯ್ಕೆಯನ್ನೇ ನೋಡಬೇಕು, ಏಕೆಂದರೆ ಲಾಭಾಂಶ ಹಂಚುವ ಆಯ್ಕೆಯಲ್ಲಿ ಎನ್‌ಎವಿ ಆಗಾಗ ಇಳಿಯುತ್ತದೆ.

ಅಕ್ಕನ ಫಂಡಿನಲ್ಲಿ ಎರಡು ಪ್ಲಾನ್‌ಗಳ ವೆಚ್ಚದ ನಡುವೆ ಸುಮಾರು ಶೇ. 1ರಷ್ಟು ಅಂತರವಿತ್ತು. ಎಲ್ಲ ಫಂಡುಗಳಲ್ಲೂ ಅಷ್ಟಿರುವುದಿಲ್ಲ. ಲಿಕ್ವಿಡ್ ಫಂಡಿನಲ್ಲಿ ಅದು ತೀರಾ ಸಣ್ಣದು. ಶೇ. 1 ಎಂಬುದು ಕಾಲ ಸರಿದಂತೆ ಏನಾಗುತ್ತದೆ ಎಂದು ತಿಳಿಯಲು, ಡೈರೆಕ್ಟ್ ಪ್ಲಾನಿಗೆ ವರ್ಷಕ್ಕೆ ಶೇ. 12, ರೆಗ್ಯುಲರ್‌ಗೆ ಶೇ. 11 ಎಂದು ಭಾವಿಸಿಕೊಳ್ಳೋಣ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ದರವೇ ಹೊರತು ಯಾರೂ ಕೊಡುವ ಭರವಸೆಯಲ್ಲ. 5 ಲಕ್ಷದ ಮೇಲೆ ಮೊದಲ ವರ್ಷದ ವ್ಯತ್ಯಾಸ 5,000 ರೂಪಾಯಿ. ಹತ್ತು ವರ್ಷಕ್ಕೆ ಒಂದು ಕಡೆ 15.53 ಲಕ್ಷ, ಇನ್ನೊಂದು ಕಡೆ 14.20 ಲಕ್ಷ. ಇಪ್ಪತ್ತು ವರ್ಷಕ್ಕೆ 48.23 ಲಕ್ಷ ಮತ್ತು 40.31 ಲಕ್ಷ. ಅಂತರ ಸುಮಾರು 7.92 ಲಕ್ಷ, ಅಂದರೆ ಮೊದಲಿಗೆ ಹಾಕಿದ ಇಡೀ ಮೊತ್ತಕ್ಕಿಂತ ಹೆಚ್ಚು. ಈ 7.92 ಲಕ್ಷವೂ ವಿತರಕರ ಕೈಗೆ ಹೋಗಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಅವರಿಗೆ ಹೋದದ್ದು ಅದರ ಒಂದು ಭಾಗ ಮಾತ್ರ. ಉಳಿದದ್ದು ಆ ಹಣ ನಮ್ಮಲ್ಲೇ ಇದ್ದಿದ್ದರೆ ಅದರ ಮೇಲೆ ಬೆಳೆಯುತ್ತಿದ್ದ ಗಳಿಕೆ.

ವಿತರಕರ ಸೇವೆಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2020ರ ಮಾರ್ಚ್‌ನಲ್ಲಿ ಮಾರುಕಟ್ಟೆ ಕುಸಿದಾಗ ಗಾಬರಿಯಿಂದ ಎಲ್ಲವನ್ನೂ ಮಾರಲು ಹೊರಟವರನ್ನು ಫೋನ್ ಮಾಡಿ ತಡೆದ ವಿತರಕರಿದ್ದಾರೆ, ಮತ್ತು ಅವರು ಅಂದು ಉಳಿಸಿಕೊಟ್ಟದ್ದು ಹಲವು ವರ್ಷಗಳ ಕಮಿಷನ್ನಿಗಿಂತ ದೊಡ್ಡದು. ನನ್ನ ಆಕ್ಷೇಪ ಇರುವುದು ಬೆಲೆ ಕಟ್ಟುವ ಕ್ರಮದ ಬಗ್ಗೆ. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷ 5,000 ರೂಪಾಯಿಯಾಗಿದ್ದ ಶುಲ್ಕ ಇಪ್ಪತ್ತನೆಯ ವರ್ಷದ ಹೊತ್ತಿಗೆ 40,000ದ ಸಮೀಪಕ್ಕೆ ಬರುತ್ತದೆ, ಆದರೆ ಮಾಡಬೇಕಾದ ಕೆಲಸ ಎಂಟು ಪಟ್ಟು ಆಗಿರುವುದಿಲ್ಲ. ಅಕ್ಕನ ವಿಷಯದಲ್ಲಂತೂ ಹಣ ಹಾಕಿಸಿದ ಸಿಬ್ಬಂದಿ ಒಂದೇ ವರ್ಷದಲ್ಲಿ ಬೇರೆ ಶಾಖೆಗೆ ವರ್ಗವಾಗಿದ್ದರು. ಆಮೇಲೆ ಯಾರೂ ಅವಳನ್ನು ವಿಚಾರಿಸಿರಲಿಲ್ಲ. ಸಲಹೆ ಬೇಕೆನ್ನುವವರು ಸೆಬಿಯಲ್ಲಿ ನೋಂದಾಯಿತರಾದ ಹೂಡಿಕೆ ಸಲಹೆಗಾರರಿಗೆ ನಿಗದಿತ ಶುಲ್ಕ ಕೊಟ್ಟು ಡೈರೆಕ್ಟ್ ಪ್ಲಾನಿನಲ್ಲೇ ಹಣ ಹಾಕಬಹುದು. ಹೂಡಿಕೆ ಒಂದೆರಡು ಲಕ್ಷದಷ್ಟೇ ಇದ್ದರೆ ಆ ಶುಲ್ಕವೇ ಕಮಿಷನ್ನಿಗಿಂತ ಭಾರವಾಗಬಹುದು, ಹಾಗಾಗಿ ಅಂಥವರಿಗೆ ಒಳ್ಳೆಯ ವಿತರಕರೇ ಮೇಲು ಎಂದು ನನಗೆ ಅನ್ನಿಸುತ್ತದೆ.

ನಿಮ್ಮದು ಯಾವ ಪ್ಲಾನ್ ಎಂದು ತಿಳಿಯುವುದು ಸುಲಭ. ಸ್ಟೇಟ್‌ಮೆಂಟಿನಲ್ಲಿ ಯೋಜನೆಯ ಹೆಸರಿನೊಂದಿಗೆ Direct ಎಂದಿದೆಯೇ ನೋಡಿ. ಸಲಹೆಗಾರರ ಜಾಗದಲ್ಲಿ ARN- ಎಂದು ಶುರುವಾಗುವ ವಿತರಕರ ನೋಂದಣಿ ಸಂಖ್ಯೆ ಇದ್ದರೆ ಅದು ಸಾಮಾನ್ಯವಾಗಿ ರೆಗ್ಯುಲರ್. ಇಲ್ಲಿ ಹಲವರು ಎಡವುವುದು ಒಂದು ಕಡೆ: ಹಳೆಯ ಎಸ್‌ಐಪಿ ನಿಲ್ಲಿಸಿ ಡೈರೆಕ್ಟ್‌ನಲ್ಲಿ ಹೊಸದನ್ನು ಆರಂಭಿಸಿದರೆ ಎಲ್ಲವೂ ಬದಲಾಯಿತೆಂದು ಭಾವಿಸುತ್ತಾರೆ, ಆದರೆ ಹಳೆಯ ಯೂನಿಟ್‌ಗಳು ರೆಗ್ಯುಲರ್‌ನಲ್ಲೇ ಉಳಿದು ಅವುಗಳ ಮೇಲಿನ ಕಮಿಷನ್ ಹೋಗುತ್ತಲೇ ಇರುತ್ತದೆ. ಅವುಗಳನ್ನು ಡೈರೆಕ್ಟ್ ಪ್ಲಾನಿಗೆ ಸ್ವಿಚ್ ಮಾಡಲೇಬೇಕು.

ಸ್ವಿಚ್ ಎಂದರೆ ಕಾನೂನಿನ ದೃಷ್ಟಿಯಲ್ಲಿ ಮಾರಿ ಮತ್ತೆ ಕೊಂಡಂತೆ. ಬೇಗ ಹೊರಬಂದರೆ ಹಿಡಿಯುವ ಎಕ್ಸಿಟ್ ಲೋಡ್ ಶುಲ್ಕದ ಅವಧಿ ಮುಗಿದಿರಬೇಕು, ತೆರಿಗೆ ಉಳಿತಾಯದ ಫಂಡಾದ ಇಎಲ್‌ಎಸ್‌ಎಸ್ ಆಗಿದ್ದರೆ ಮೂರು ವರ್ಷದ ಲಾಕ್-ಇನ್ ಮುಗಿದಿರಬೇಕು, ಮತ್ತು ಲಾಭದ ಮೇಲೆ ತೆರಿಗೆ ಬರುತ್ತದೆ. ಈಕ್ವಿಟಿ ಫಂಡಿನಲ್ಲಿ ಒಂದು ವರ್ಷ ಮೀರಿದ ಹೂಡಿಕೆಗೆ, 2024ರ ಜುಲೈ 23ರಿಂದ ಜಾರಿಯಲ್ಲಿರುವ ನಿಯಮದಂತೆ, ಒಂದು ಆರ್ಥಿಕ ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಅದರಾಚೆಗೆ ಶೇ. 12.5. ಅಕ್ಕನ ಲಾಭ 3 ಲಕ್ಷ. ಒಮ್ಮೆಗೇ ಸ್ವಿಚ್ ಮಾಡಿದ್ದರೆ 1.75 ಲಕ್ಷದ ಮೇಲೆ ಸೆಸ್ ಸೇರಿ 22,750 ರೂಪಾಯಿ ಕಟ್ಟಬೇಕಿತ್ತು. ವರ್ಷಕ್ಕೆ 8,000ದಂತೆ ಉಳಿಯುವುದರಿಂದ ಮೂರು ವರ್ಷದೊಳಗೆ ಅದೂ ಹಿಂದಿರುಗುತ್ತಿತ್ತು.

ಆದರೆ ಅವಳಿಗೆ ಅವಸರವಿರಲಿಲ್ಲ, ಬೇರೆ ಷೇರು ಅಥವಾ ಫಂಡಿನ ಲಾಭವೂ ಇರಲಿಲ್ಲ. ಅವಳ 8 ಲಕ್ಷದಲ್ಲಿ ಲಾಭದ ಪಾಲು ಶೇ. 37.5 ಆದ್ದರಿಂದ, ಸುಮಾರು 3.33 ಲಕ್ಷದ ಯೂನಿಟ್‌ಗಳನ್ನು ಸ್ವಿಚ್ ಮಾಡಿದರೆ ಲಾಭ 1.25 ಲಕ್ಷದ ಮಿತಿಯನ್ನು ಮುಟ್ಟುತ್ತದೆ. ಮೌಲ್ಯ ಹೆಚ್ಚು ಏರುಪೇರಾಗದೆ ಇದ್ದುದರಿಂದ, ಮಾರ್ಚ್ ಕೊನೆಯ ವಾರದಲ್ಲಿ ಒಂದು ಕಂತು, ಹೊಸ ಆರ್ಥಿಕ ವರ್ಷ ಬಂದ ಕೂಡಲೇ ಏಪ್ರಿಲ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಮೊತ್ತದ ಇನ್ನೊಂದು ಕಂತು ಮಾಡಿದೆವು. ಉಳಿದಿರುವುದು ಸುಮಾರು 1.34 ಲಕ್ಷದ ಯೂನಿಟ್‌ಗಳು. ಅವುಗಳ ಸ್ವಿಚ್ ಅನ್ನು ಮುಂದಿನ ಏಪ್ರಿಲ್‌ಗೆ ಎಂದು ಅಕ್ಕ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದಾಳೆ.