ಕುರ್ಚಿಗೆ ಹಾಜರಿ, ಮನೆಗೆ ಪರೀಕ್ಷೆ

ನಮ್ಮ ಆಫೀಸಿನ ಬಾಗಿಲಲ್ಲಿ ಒಂದು ಯಂತ್ರ ಇದೆ. ಕಾರ್ಡು ತೋರಿಸಿದರೆ ‘ಟುಂಯ್’ ಅನ್ನುತ್ತದೆ. ಬೆಳಿಗ್ಗೆ ಒಂದು ಟುಂಯ್, ಸಂಜೆ ಒಂದು ಟುಂಯ್. ಈ ಎರಡು ಟುಂಯ್‌ಗಳ ನಡುವೆ ನಾನು ಏನು ಕಡಿದು ಗುಡ್ಡೆ ಹಾಕಿದೆ ಎಂದು ಹನ್ನೊಂದು ವರ್ಷಗಳಲ್ಲಿ ಯಾರೂ ಕೇಳಿಲ್ಲ. ಕೇಳಿದ್ದರೆ ನನಗೂ ತುಸು ಕಷ್ಟವಾಗುತ್ತಿತ್ತು, ಅದು ಬೇರೆ ಮಾತು.

ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡುತ್ತೇವೆ ಎಂದು ನಮ್ಮ ತಂಡ ಅರ್ಜಿ ಹಾಕಿದ ದಿನವೇ ಕೇಳುವವರು ಹುಟ್ಟಿಕೊಂಡರು. “ಮಾಡಿ, ಬೇಡ ಅನ್ನಲ್ಲ. ಆದರೆ ಫಲಿತಾಂಶ ಅಳೆಯೋ ಹಾಗಿರಬೇಕು” ಅಂದರು ಸಾಹೇಬರು. ಹೊರ ವರ್ತುಲ ರಸ್ತೆಯಲ್ಲಿ ಒಂದೂಕಾಲು ಗಂಟೆ ಕ್ಯಾಬಿನಲ್ಲಿ ಕೂತು ಬಂದವರು, ಬಂದ ತಕ್ಷಣ ಹೆಡ್‌ಫೋನ್ ಹಾಕಿಕೊಂಡು ಪುಣೆಯ ತಂಡದ ಜತೆ ವಿಡಿಯೋದಲ್ಲಿ ಮಾತಾಡುವುದನ್ನು ಅವರು ದಿನಾ ನೋಡುತ್ತಾರೆ. ಅದಕ್ಕೆ ಅಳತೆ ಬೇಡ, ಅದರ ಹೆಸರೇ ‘ಸಹಯೋಗ’. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ಕಂಡಿತಂತೆ.

ಇರಲಿ, ಅಳೆಯೋಣ ಅಂದುಕೊಂಡೆವು. ಇಂಥ ಪ್ರಯೋಗವನ್ನು ಹೇಗೆ ಮಾಡಬೇಕು ಎಂಬುದಕ್ಕೆ ಮಾದರಿ ಇಲ್ಲದೆ ಇಲ್ಲ. ಚೀನಾದ ಟ್ರಿಪ್.ಕಾಮ್ ಎಂಬ ಪ್ರವಾಸ ಕಂಪನಿ 2021ರಲ್ಲಿ ಶುರು ಮಾಡಿ ಆರು ತಿಂಗಳು ನಡೆಸಿತ್ತು. ಎಂಜಿನಿಯರುಗಳು, ಮಾರುಕಟ್ಟೆಯವರು, ಲೆಕ್ಕಪತ್ರದವರು ಸೇರಿ 1,612 ಮಂದಿ. ಬೆಸ ತಾರೀಖಿನಲ್ಲಿ ಹುಟ್ಟಿದವರು ಬುಧವಾರ, ಶುಕ್ರವಾರ ಮನೆಯಿಂದ ಕೆಲಸ ಮಾಡಬಹುದು, ಸಮ ತಾರೀಖಿನವರು ಐದೂ ದಿನ ಆಫೀಸಿಗೆ. ಜನ್ಮದಿನದ ಮೇಲೆ ಹಂಚಿದ್ದಕ್ಕೆ ಕಾರಣವಿದೆ. ‘ಇಷ್ಟ ಇದ್ದವರು ಕೈಯೆತ್ತಿ’ ಅಂದಿದ್ದರೆ ಒಂದು ಕಡೆ ಶ್ರದ್ಧೆಯವರೋ, ಇನ್ನೊಂದು ಕಡೆ ಸೋಮಾರಿಗಳೋ ಗುಂಪುಗೂಡಿಬಿಡುತ್ತಾರೆ. ಆಮೇಲೆ ಕಂಡ ವ್ಯತ್ಯಾಸ ಮನೆಯದೋ ಮನುಷ್ಯರದೋ ಗೊತ್ತಾಗುವುದಿಲ್ಲ. ಹುಟ್ಟಿದ ತಾರೀಖನ್ನು ಯಾರೂ ಶ್ರದ್ಧೆಯಿಂದ ಆರಿಸಿಕೊಂಡಿರುವುದಿಲ್ಲವಲ್ಲ.

ಸ್ಟ್ಯಾನ್‌ಫರ್ಡಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಆ ಕಂಪನಿಯದೇ ಅಧ್ಯಕ್ಷ ಜೇಮ್ಸ್ ಲಿಯಾಂಗ್ ಮತ್ತೊಬ್ಬರ ಜತೆಗೂಡಿ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷ ಹಿಂಬಾಲಿಸಿ ನೋಡಿದರೂ ಕೆಲಸದ ಮೌಲ್ಯಮಾಪನದಲ್ಲಿ, ಬಡ್ತಿಯಲ್ಲಿ ವ್ಯತ್ಯಾಸ ಸಿಗಲಿಲ್ಲ. ರಾಜೀನಾಮೆ ಕೊಟ್ಟು ಹೋಗುವವರು ಮಾತ್ರ ಮೂರನೇ ಒಂದರಷ್ಟು ಕಡಿಮೆಯಾದರು. ನನಗೆ ಇಷ್ಟವಾದ ಅಂಕಿ ಬೇರೆಯೇ. ಪ್ರಯೋಗಕ್ಕೆ ಮುಂಚೆ ಮ್ಯಾನೇಜರುಗಳನ್ನು ಕೇಳಿದಾಗ ಉತ್ಪಾದಕತೆ ಸರಾಸರಿ 2.6% ಕುಸಿಯುತ್ತದೆ ಎಂದು ಭವಿಷ್ಯ ನುಡಿದಿದ್ದರು. ಪ್ರಯೋಗ ಮುಗಿದ ಮೇಲೆ ಕೇಳಿದರೆ 1% ಏರುತ್ತದೆ ಅಂದರು. ಆರು ತಿಂಗಳಲ್ಲಿ ಬದಲಾದದ್ದು ನೌಕರರ ಕೆಲಸವಲ್ಲ, ಮ್ಯಾನೇಜರುಗಳ ಕಣ್ಣು.

ಇದನ್ನು ಸಾಹೇಬರಿಗೆ ತೋರಿಸಿದೆ. “ಅದು ಚೀನಾ” ಅಂದರು.

ಸರಿ, ನಮ್ಮದೇ ಮಾಡೋಣ ಎಂದು ಕೂತೆವು. ತಂಡದಲ್ಲಿ ಇಪ್ಪತ್ತೆರಡು ಜನ. ಬೆಸ ತಾರೀಖಿನವರು ಹನ್ನೊಂದು, ಸಮ ತಾರೀಖಿನವರು ಹನ್ನೊಂದು, ದೇವರು ದೊಡ್ಡವನು. ಎಂಟು ವಾರ ಪ್ರಯೋಗ. ಅಳತೆ ಮೂರೇ. ವಾರಕ್ಕೆ ಎಷ್ಟು ಟಿಕೆಟ್, ಅಂದರೆ ಮಾಡಿಕೊಡಿ ಎಂದು ನಮ್ಮ ಪಟ್ಟಿಗೆ ಬಂದು ಬೀಳುವ ಕೆಲಸಗಳು, ಮುಗಿದವು, ಮುಗಿದವೆಂದು ಮುಚ್ಚಿದ್ದರಲ್ಲಿ ಎಷ್ಟು ಎರಡು ವಾರದೊಳಗೆ ವಾಪಸ್ ಬಂದವು, ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿಕೊಡುವುದಕ್ಕೆ ಎಷ್ಟು ಗಂಟೆ ಹಿಡಿಯಿತು. ಎರಡನೆಯ ಅಳತೆ ಇಲ್ಲದೆ ಮೊದಲನೆಯದಕ್ಕೆ ಕಿಮ್ಮತ್ತಿಲ್ಲ. ಮುಚ್ಚುವುದೊಂದೇ ಗುರಿಯಾದರೆ ನಾವು ಏನನ್ನು ಬೇಕಾದರೂ ಮುಚ್ಚಿಬಿಡುತ್ತೇವೆ.

ಕಡತ ಸಾಹೇಬರ ಮೇಜು ದಾಟಿ, ಎಚ್ಚಾರ್ ಮೇಡಂ ಮೇಜು ದಾಟಿ ಬರುವಷ್ಟರಲ್ಲಿ ಮೂರು ಅಳತೆ ಹದಿನಾಲ್ಕಾಗಿತ್ತು. ಮನೆಯಲ್ಲಿರುವವರ ಹೆಸರಿನ ಪಕ್ಕ ಹಸಿರು ಚುಕ್ಕೆ ಎಷ್ಟು ಹೊತ್ತು ಉರಿಯಿತು, ಮೌಸ್ ಎಷ್ಟು ಸಲ ಅಲುಗಾಡಿತು, ಕ್ಯಾಮೆರಾದಲ್ಲಿ ಹಿಂದಿನ ಗೋಡೆ ವೃತ್ತಿಪರವಾಗಿ ಕಾಣುತ್ತದೆಯೇ, ಮತ್ತು ‘ಉತ್ಸಾಹ ಸೂಚ್ಯಂಕ’. ಮೌಸಿನ ವಿಚಾರ ಹೊರಬಿದ್ದ ಸಂಜೆಯೇ ನಮ್ಮ ಹುಡುಗನೊಬ್ಬ ಪರಿಹಾರ ಕಂಡುಹಿಡಿದ. ಮುಳ್ಳಿನ ಕೈಗಡಿಯಾರವನ್ನು ಅಂಗಾತ ಇಟ್ಟು ಅದರ ಮೇಲೆ ಮೌಸ್ ಕೂರಿಸಿದರೆ, ಸೆಕೆಂಡಿನ ಮುಳ್ಳು ಓಡಿದ ಹಾಗೆ ಪರದೆಯ ಮೇಲಿನ ಬಾಣವೂ ಮಿಸುಕುತ್ತದೆ. ಅವನ ತಾತ ಎಚ್‌ಎಂಟಿಯಿಂದ ನಿವೃತ್ತರಾದವರು. ತಾತನ ಗಡಿಯಾರ ಮೊಮ್ಮಗನ ಉತ್ಪಾದಕತೆ ಕಾಯಲಿ ಎಂದು ಹಾರೈಸಿದೆವು.

ಜಗಳ ಹತ್ತಿದ್ದು ಮಾತ್ರ ಇದಕ್ಕಲ್ಲ. ಪ್ರಯೋಗಕ್ಕೆ ಮುಂಚೆ ನಾಲ್ಕು ವಾರ ಎಲ್ಲರೂ ಆಫೀಸಿಗೇ ಬಂದು, ಅದೇ ಮೂರು ಅಳತೆಯನ್ನು ಆಫೀಸಿನಲ್ಲೂ ತೆಗೆದುಕೊಳ್ಳೋಣ, ಹೋಲಿಸುವುದಕ್ಕೆ ಬೇಕಲ್ಲ ಎಂದೆ. ಸಾಹೇಬರ ಮುಖ ಸಣ್ಣಗಾಯಿತು.

“ಅದ್ಯಾಕೆ? ಆಫೀಸಲ್ಲಿ ಕೆಲಸ ನಡೆಯುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ ಅಲ್ವೇ?”

“ಎಷ್ಟು ನಡೆಯುತ್ತೆ ಅಂತ ಗೊತ್ತಿಲ್ಲವಲ್ಲ ಸಾರ್.”

“ನೋಡಿ ಇವ್ರೇ, ಅನುಮಾನ ಇರೋದನ್ನ ಅಳೀಬೇಕು. ನಂಬಿಕೆ ಇರೋದನ್ನ ಅಳೀಬಾರದು.”

ಹೇಗೋ ಒಪ್ಪಿಸಿ ಅಳೆದೆವು. ಅಳೆಯಬಾರದಾಗಿತ್ತು. ಅದೇ ಇಪ್ಪತ್ತೆರಡು ಜನ, ಅದೇ ಕುರ್ಚಿ, ಅದೇ ಕಾಫಿ ಮೆಷಿನ್ನು. ಒಂದು ವಾರ 97 ಟಿಕೆಟ್ ಮುಗಿದರೆ ಇನ್ನೊಂದು ವಾರ 131. ಕೋಡು ನೋಡಿಕೊಡಲು ಸಾಮಾನ್ಯವಾಗಿ ಹಿಡಿಯುತ್ತಿದ್ದುದು 19 ಗಂಟೆ. ನೋಡಬೇಕಾದವರು ಕೂತಿದ್ದುದು ಮೂರು ಕುರ್ಚಿಯ ಆಚೆ.

ಈ 97 ಮತ್ತು 131 ನನ್ನ ಗಾಳಿಯನ್ನೂ ತೆಗೆಯಿತು ಎಂದು ಒಪ್ಪಿಕೊಳ್ಳಬೇಕು. ಏನೂ ಬದಲಾಗದೆಯೇ ವಾರದಿಂದ ವಾರಕ್ಕೆ ಇಷ್ಟು ಏರಿಳಿತ ಇದ್ದರೆ, ಮನೆಯಿಂದ ಕೆಲಸ ಮಾಡಿ 5% ಲಾಭವೋ ನಷ್ಟವೋ ಆದರೆ ಎಂಟು ವಾರದಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ, ಈ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಚೀನಾದವರಿಗೆ 1,612 ಜನ ಬೇಕಾದದ್ದು ಅದಕ್ಕೇ. ಇಪ್ಪತ್ತೆರಡು ಜನರ ಪ್ರಯೋಗದಲ್ಲಿ ಮನೆಗೆ ಬೆಂಕಿ ಬಿದ್ದರೆ ಕಾಣುತ್ತದೆ, ಒಲೆ ಸಣ್ಣಗಾದರೆ ಕಾಣುವುದಿಲ್ಲ. ಹಾಗಾಗಿ ‘ಎಷ್ಟು ಲಾಭವಾಯಿತು’ ಎಂಬ ಪ್ರಶ್ನೆಯನ್ನು ಹೊಡೆದುಹಾಕಿ, ‘ಎದ್ದು ಕಾಣುವಂಥ ಹಾನಿ ಆಯಿತೇ’ ಎಂದು ಬರೆದೆ. ಹಾನಿ ಅಂದರೆ ಏನು ಎಂಬುದನ್ನೂ ಮೊದಲೇ ಬರೆದಿಟ್ಟೆ: ವಾಪಸ್ ಬರುವ ಟಿಕೆಟ್ ಸತತ ಮೂರು ವಾರ ದುಪ್ಪಟ್ಟಾದರೆ ಅಲ್ಲಿಗೇ ನಿಲ್ಲಿಸುವುದು. ಆಟ ಮುಗಿದ ಮೇಲೆ ಗೋಲಿನ ಕಂಬ ಸರಿಸುವವರು ನಮ್ಮಲ್ಲಿ ಇದ್ದಾರೆ, ಕಂಬದ ಬುಡಕ್ಕೆ ಸಿಮೆಂಟು ಹಾಕುವುದು ಒಳ್ಳೆಯದು.

ಎಂಟು ವಾರ ಮುಗಿಯಿತು. ಮನೆಯ ಹನ್ನೊಂದು ಜನ ಮುಗಿಸಿದ ಟಿಕೆಟ್ಟಿಗೂ ಆಫೀಸಿನ ಹನ್ನೊಂದು ಜನರದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವಾಪಸ್ ಬಂದವೂ ಅಷ್ಟಕ್ಕಷ್ಟೆ. ಒಂದು ನಿಜವಾದ ಕೊರತೆ ಸಿಕ್ಕಿತು, ಮುಚ್ಚಿಡುವುದು ಸರಿಯಲ್ಲ. ಹೊಸದಾಗಿ ಸೇರಿದ್ದ ಹುಡುಗಿ ಬುಧವಾರಗಳಂದು ಒಂದು ತೊಡಕಿನಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಅಲ್ಲೇ ಕೂತಿರುತ್ತಿದ್ದಳು. ಪಕ್ಕದಲ್ಲಿ ಯಾರಾದರೂ ಇದ್ದರೆ ಕತ್ತು ತಿರುಗಿಸಿ ಕೇಳಬಹುದಾದದ್ದನ್ನು, ಮೆಸೇಜು ಹಾಕಿ ತೊಂದರೆ ಕೊಡುವುದು ಹೇಗೆ ಎಂದು ಹಿಂಜರಿದಿದ್ದಳು. ಹೊಸಬರಿಗೆ ಮೊದಲ ಆರು ತಿಂಗಳು ಈ ಸವಲತ್ತು ಬೇಡ ಎಂದು ವರದಿಯಲ್ಲಿ ನಾನೇ ಸೇರಿಸಿದೆ. ಮನೆ ಅನ್ನುವುದು ಸ್ವರ್ಗವೂ ಅಲ್ಲ. ನಮ್ಮತ್ತೆಯವರ ಪಾಲಿಗೆ ಹಸಿರು ಚುಕ್ಕೆ ಎಂದರೆ ‘ಮನೇಲೇ ಇದ್ದೀರಲ್ಲ, ಸಿಲಿಂಡರ್‌ನವನು ಬಂದ್ರೆ ನೋಡ್ಕೊಳ್ಳಿ’ ಎಂದರ್ಥ.

ಸಾಹೇಬರು ವರದಿ ತಿರುವಿದರು. “ವ್ಯತ್ಯಾಸ ಇಲ್ಲ ಅಂದ್ಮೇಲೆ ಉಪಯೋಗ ಇಲ್ಲ ಅಂತಾಯ್ತಲ್ಲ. ಆಫೀಸಿಗೇ ಬನ್ನಿ.”

ಇಲ್ಲೇ ನಾನು ತಡವರಿಸಿದ್ದು. ಹನ್ನೊಂದು ಜನ, ವಾರಕ್ಕೆ ಎರಡು ದಿನ, ಎಂಟು ವಾರ. ಒಟ್ಟು 176 ದಿನ. ಹೋಗಿ ಬರುವುದಕ್ಕೆ ದಿನಕ್ಕೆ ಎರಡೂವರೆ ಗಂಟೆ ಹಿಡಿದರೆ 440 ಗಂಟೆ ಸಿಲ್ಕ್ ಬೋರ್ಡಿಗೂ ಮಾರತಹಳ್ಳಿಗೂ ದಾನವಾಗುವುದು ತಪ್ಪಿದೆ. ಕೆಲಸ ಅಷ್ಟೇ ಆಗಿದೆ. ಅಂದರೆ ಆ 440 ಗಂಟೆಯನ್ನು ರಸ್ತೆಗೆ ಸುರಿದರೂ ಕೆಲಸಕ್ಕೆ ಒಂದು ಚಮಚ ಸೇರುವುದಿಲ್ಲ ಎಂದು ತಾನೇ ಅರ್ಥ?

“ಆ ಗಂಟೆಗಳು ನಮ್ಮ ಲೆಕ್ಕಕ್ಕೆ ಬರಲ್ಲ. ಅವು ನಿಮ್ಮ ಗಂಟೆಗಳು” ಅಂದರು. ಅಷ್ಟು ಸ್ಪಷ್ಟವಾಗಿ ಅವರು ಯಾವತ್ತೂ ಮಾತಾಡಿದ್ದಿಲ್ಲ.

ಹಾಗೆಂದು ಈ ಊರಿನಲ್ಲಿ ಮನೆಯಿಂದ ಕೆಲಸ ಯಾರಿಗೂ ಗೊತ್ತಿಲ್ಲದ ವಿದ್ಯೆಯೂ ಅಲ್ಲ. 2020ರ ಮಾರ್ಚಿನಲ್ಲಿ ಯಾವ ಸೂಚ್ಯಂಕವೂ ಇಲ್ಲದೆ ಇಡೀ ಬೆಂಗಳೂರು ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ಮನೆಗೆ ಹೋಯಿತು. 2021ರ ಆಗಸ್ಟಿನಲ್ಲಿ, ಮೆಟ್ರೊ ಕಾಮಗಾರಿ ಇದೆ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಕಂಪನಿಗಳು ಮುಂದಿನ ವರ್ಷದ ಡಿಸೆಂಬರಿನವರೆಗೂ ಮನೆಯಿಂದಲೇ ಕೆಲಸ ಮಾಡಿಸಿದರೆ ಒಳ್ಳೆಯದು ಎಂದು ಸ್ವತಃ ಸರ್ಕಾರವೇ ಸಲಹೆ ಕಳಿಸಿತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಯಮಲೂರಿನ ಕಡೆ ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆ ಟ್ರ್ಯಾಕ್ಟರಿನ ಉತ್ಪಾದಕತೆಯನ್ನು ಅಳೆದವರಿಲ್ಲ. ರಸ್ತೆ ಕೆಟ್ಟರೆ ಮನೆಯಿಂದ ಕೆಲಸ ಆಗುತ್ತದೆ. ರಸ್ತೆ ಇದ್ದಾಗ ಮಾತ್ರ ಅದಕ್ಕೆ ಪುರಾವೆ ಬೇಕು.

ಅಂತಿಮ ತೀರ್ಮಾನಕ್ಕೆ ಬುಧವಾರ ಹನ್ನೊಂದಕ್ಕೆ ಸಭೆ ಇಟ್ಟರು. ‘ಇಂಥ ವಿಷಯ ಎದುರುಬದುರು ಕೂತೇ ಮಾತಾಡಬೇಕು, ಎಲ್ಲರೂ ಆಫೀಸಿಗೆ ಬರತಕ್ಕದ್ದು’ ಎಂದು ಮೇಲ್ ಬಂತು. ಮಂಗಳವಾರ ರಾತ್ರಿ ಮಳೆ ಹೊಡೆಯಿತು. ಬುಧವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಇನ್ನೊಂದು ಮೇಲ್: ‘ರಸ್ತೆಯಲ್ಲಿ ನೀರು ನಿಂತಿರುವುದರಿಂದ ಇಂದು ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ.’

ಸಭೆ ವಿಡಿಯೋದಲ್ಲೇ ನಡೆಯಿತು. ಸಾಹೇಬರು ಊಟದ ಮೇಜಿನ ಮುಂದೆ ಕೂತಿದ್ದರು, ಹಿಂದೆ ಕುಕ್ಕರು ಕೂಗುತ್ತಿತ್ತು. ಎಚ್ಚಾರ್ ಮೇಡಂ ಗೋಡೆ ವೃತ್ತಿಪರವಾಗಿರಲಿಲ್ಲ, ಅದರ ಮೇಲೆ ಮಗ ಬಳಪದಲ್ಲಿ ಆನೆ ಬರೆದಿದ್ದ. ಮನೆಯಿಂದ ಕೆಲಸ ಮಾಡಿದರೆ ತೀರ್ಮಾನಗಳು ವಿಳಂಬವಾಗುತ್ತವೆ ಎಂಬ ಕಾರಣಕ್ಕೆ ನಮ್ಮ ಅರ್ಜಿಯನ್ನು ತಿರಸ್ಕರಿಸಲಾಯಿತು. ಒಂದು ಗಂಟೆಯ ಸಭೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತು.