ಕಣ್ಣಿಗೆ ಸರಿ, ಕಿವಿಗೆ ತಪ್ಪು: ಸ್ಕ್ಯಾನ್ ಮಾಡಿದ ಪಾಠವನ್ನು ಸ್ಕ್ರೀನ್ ರೀಡರ್‌ಗೆ ಒಪ್ಪಿಸುವ ಬಗೆ

"ಪಾಠ ಪೂರ್ತಿ ಓಸಿಆರ್ ಮಾಡಿ ಕಳಿಸಿದ್ದೇನೆ" ಎಂದರೆ ಕೆಲಸ ಅರ್ಧವೂ ಮುಗಿದಿಲ್ಲ ಎಂದೇ ಲೆಕ್ಕ. ಓಸಿಆರ್ ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ. ಕನ್ನಡದಲ್ಲಂತೂ ಅದು ಮಾಡುವ ತಪ್ಪುಗಳಲ್ಲಿ ಕೆಲವು ಕಣ್ಣಿಗೆ ಕಾಣುವುದೇ ಇಲ್ಲ, ಕಿವಿಗೆ ಮಾತ್ರ ಸಿಗುತ್ತವೆ. ನೋಡಿ ತಿದ್ದುವವರ ಕೈಗೆ ಸಿಗದ ತಪ್ಪುಗಳೆಲ್ಲ ಪರದೆಯ ಪಠ್ಯವನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್‌ನಿಂದ ಕೇಳಿ ಓದುವ, ಕಣ್ಣು ಕಾಣದ ಹುಡುಗಿಯ ಪಾಲಿಗೆ ಬರುತ್ತವೆ.

ವಿಜ್ಞಾನ ಪುಸ್ತಕದ ಜಲಚಕ್ರದ ಪಾಠವನ್ನೇ ತೆಗೆದುಕೊಳ್ಳೋಣ. ಪುಟದಲ್ಲಿ ಎರಡು ಕಾಲಂ, ನಡುವೆ ಬಾಣದ ಗುರುತುಗಳ ಚಿತ್ರ, ಮೂಲೆಯಲ್ಲೊಂದು "ನಿಮಗಿದು ಗೊತ್ತೇ?" ಚೌಕ, ಕೊನೆಗೆ ಅಭ್ಯಾಸದ ಪ್ರಶ್ನೆಗಳು.

ಸ್ಕ್ಯಾನ್ 300 ಡಿಪಿಐಗಿಂತ ಕಡಿಮೆ ಬೇಡ. ಅಕ್ಷರ ಸಣ್ಣದಿದ್ದರೆ 400 ಇಡಿ, ಯಾಕೆಂದರೆ ಮೊದಲು ಕಲಸಿಹೋಗುವುದು ಒತ್ತಕ್ಷರ. ಪುಟ ಓರೆಯಾಗಿದ್ದರೆ ನೇರ ಮಾಡಿಕೊಳ್ಳಿ. ಆಮೇಲೆ ಇಡೀ ಪುಟವನ್ನು ಒಂದೇ ಸಲ ಓಸಿಆರ್‌ಗೆ ಹಾಕಬೇಡಿ. ಎಡ ಕಾಲಂ, ಬಲ ಕಾಲಂ, ಚೌಕ, ಇವನ್ನು ಬೇರೆಬೇರೆ ಚಿತ್ರಗಳಾಗಿ ಕತ್ತರಿಸಿ ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶದಿಂದ ಒಂದೊಂದನ್ನೇ ಓದಿಸಿ:

```
tesseract p42_left.png p42_left -l kan --psm 6
```

`--psm 6` ಅಂದರೆ "ಇದು ಒಂದೇ ತುಂಡು ಪಠ್ಯ, ಕಾಲಂ ಹುಡುಕಬೇಡ" ಎಂದು ಹೇಳಿದಂತೆ. ಇಡೀ ಪುಟ ಕೊಟ್ಟರೆ ಎಷ್ಟೋ ಸಲ ಎಡಗಡೆಯ ಸಾಲಿಗೆ ಬಲಗಡೆಯ ಸಾಲು ಅಂಟಿಕೊಂಡು ಬರುತ್ತದೆ, ಚಿತ್ರದ ಮೇಲಿನ "ಮೋಡ", "ಮಳೆ", "ನದಿ" ಯಾವುದೋ ವಾಕ್ಯದ ಹೊಟ್ಟೆಯೊಳಗೆ ಕೂರುತ್ತವೆ. ಕತ್ತರಿಸಲು ಹಿಡಿಯುವ ಎರಡು ನಿಮಿಷ ಆಮೇಲಿನ ಅರ್ಧ ಗಂಟೆ ಉಳಿಸುತ್ತದೆ. ಇಂಗ್ಲಿಷ್ ಪದಗಳೂ ಇದ್ದರೆ `-l kan+eng` ಬೇಕು. ಇಲ್ಲದಿದ್ದಾಗ ಬರೀ `kan` ಸಾಕು, ಆಗಲೂ `eng` ಸೇರಿಸಿದರೆ ಸೊನ್ನೆಯ ಜಾಗಕ್ಕೆ ಇಂಗ್ಲಿಷಿನ o ನುಸುಳಬಹುದು.

ಈಗ ಅಸಲಿ ತಲೆನೋವಿಗೆ ಬರೋಣ. ಅರ್ಕಾವತ್ತು ನೋಡಲು ಥೇಟ್ ಕನ್ನಡದ ಒಂಬತ್ತು. ಹಾಗಾಗಿ "ಸೂರ್ಯ" ಹೋಗಿ "ಸೂಯ೯" ಬರುತ್ತದೆ. ನೋಡುವವರಿಗೆ ಏನೂ ತೊಂದರೆಯಿಲ್ಲ, ಹಳೆಯ ಬರವಣಿಗೆ ಅಂದುಕೊಂಡು ಓದಿ ಮುಂದೆ ಹೋಗುತ್ತಾರೆ. ಸ್ಕ್ರೀನ್ ರೀಡರ್‌ಗೆ ಮಾತ್ರ ಅದು ಅಂಕಿ. "ಸೂಯ ಒಂಬತ್ತು" ಅನ್ನುತ್ತದೆ. ಅನುಸ್ವಾರದ್ದೂ ಇದೇ ಕತೆ. "ಅಂಕ" ಪದದ ಸೊನ್ನೆ ಅನುಸ್ವಾರವೋ ಅಂಕಿಯ ಸೊನ್ನೆಯೋ ಎಂದು ಬಹುತೇಕ ಫಾಂಟ್‌ಗಳಲ್ಲಿ ಕಣ್ಣಿಂದ ಹೇಳಲಾಗದು. ಕೇಳಿದರೆ ಪದ ಮುರಿದು ನಡುವೆ "ಸೊನ್ನೆ" ಬರುತ್ತದೆ.

ಅರ್ಕಾವತ್ತನ್ನು ತಿದ್ದುವಾಗ ಒಂದು ತೊಡಕಿದೆ. ಬರಹದಲ್ಲಿ ಅದು ಅಕ್ಷರದ ಬಲಕ್ಕೆ ಕೂರುತ್ತದೆ, ಯೂನಿಕೋಡ್‌ನಲ್ಲಿ "ರ್" ಆ ಅಕ್ಷರಕ್ಕೆ ಮುಂಚೆಯೇ ಬರಬೇಕು. ಆದ್ದರಿಂದ ೯ ಅಳಿಸಿ ಅಲ್ಲೇ "ರ್" ಹಾಕಿದರೆ "ಸೂಯರ್" ಆಗುತ್ತದೆ. ಅಕ್ಷರವನ್ನು ಅದರ ಗುಣಿತದ ಸಮೇತ ಹಿಡಿದು, ಅದಕ್ಕೆ ಮುಂಚೆ "ರ್" ಇಡಬೇಕು. ವಿಎಸ್ ಕೋಡ್ ಎಡಿಟರ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆನ್ ಮಾಡಿ ಹುಡುಕಬೇಕಾದ್ದು ಮೊದಲ ಸಾಲು, ಬದಲಿಗೆ ಹಾಕಬೇಕಾದ್ದು ಎರಡನೆಯದು:

```
([\u0C95-\u0CB9](?:\u0CCD[\u0C95-\u0CB9])*[\u0CBE-\u0CCC]*)\u0CEF
ರ್$1
```

ಸೊನ್ನೆಗೆ:

```
([\u0C85-\u0CCC])\u0CE6
$1ಂ
```

ಮೊದಲನೆಯದು "ಪೂತಿ೯"ಯನ್ನು "ಪೂರ್ತಿ" ಮಾಡುತ್ತದೆ, ೧೯೯೯ರಂಥ ಇಸವಿಯನ್ನು ಮುಟ್ಟುವುದಿಲ್ಲ, ಏಕೆಂದರೆ ಅಲ್ಲಿ ಒಂಬತ್ತಿನ ಹಿಂದೆ ಅಕ್ಷರವಿಲ್ಲ, ಅಂಕಿಯಿದೆ. ಆದರೂ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬೇಡಿ. "ಪುಟ೯" ಎಂದು ಜಾಗ ಬಿಡದೆ ಅಚ್ಚಾಗಿದ್ದರೆ ಅದು "ಪುರ್ಟ" ಆಗಿಬಿಡುತ್ತದೆ! ಒಂದೊಂದೇ ನೋಡುತ್ತ ಹೋಗಿ.

ಇಷ್ಟಾದರೂ ಒಂದು ಜಾತಿಯ ತಪ್ಪು ಉಳಿದೇ ಉಳಿಯುತ್ತದೆ. ಥ–ಧ, ಘ–ಫ, ಪ–ವ, ಇವು ಒಂದು ಚುಕ್ಕಿಯ, ಒಂದು ಗೆರೆಯ ಅಂತರದ ಅಕ್ಷರಗಳು. "ಅರ್ಥ" "ಅರ್ಧ"ವಾದರೆ ಎರಡೂ ನಿಜವಾದ ಪದಗಳೇ, ಸ್ಪೆಲ್ ಚೆಕ್ ಸುಮ್ಮನಿರುತ್ತದೆ. ಇದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಇಲ್ಲ. ಪುಸ್ತಕವನ್ನು ಕೈಯಲ್ಲಿ ಹಿಡಿದು, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಿಂದ ಫೈಲ್ ಓದಿಸಿ, ಧ್ವನಿ ಕೇಳುತ್ತ ಪುಸ್ತಕದ ಸಾಲನ್ನು ಬೆರಳಿಟ್ಟು ಹಿಂಬಾಲಿಸುವುದೊಂದೇ ದಾರಿ. ಪರದೆ ನೋಡಬೇಡಿ. ನೋಡಿದರೆ ನಿಮ್ಮ ಮಿದುಳು ತಾನೇ ತಿದ್ದಿಕೊಂಡು ಓದಿಬಿಡುತ್ತದೆ.

ಹೀಗೆ ಕೇಳುವಾಗಲೇ ಸಾಲು ಮುರಿದ ಜಾಗಗಳೂ ಸಿಗುತ್ತವೆ. ಅಚ್ಚಿನ ಪ್ರತಿ ಸಾಲಿನ ಕೊನೆಗೂ ಓಸಿಆರ್ ಒಂದು ಎಂಟರ್ ಒತ್ತಿರುತ್ತದೆ. ಹಾಗೇ ಬಿಟ್ಟರೆ ಓದು ವಾಕ್ಯದ ನಡುವೆ ನಿಂತು ನಿಂತು ಸಾಗುತ್ತದೆ. ಒಂದು ಪ್ಯಾರಾದ ಸಾಲುಗಳನ್ನೆಲ್ಲ ಸೇರಿಸಿ. ಅಡ್ಡಗೆರೆಯಿಟ್ಟು ಮುರಿದ ಪದವನ್ನು ಹುಡುಕಿ ಜೋಡಿಸುವುದು ಸುಲಭ. ಗೆರೆಯೇ ಇಲ್ಲದೆ ಮುರಿದದ್ದು "ಬಾಷ್ಪೀ ಕರಣ" ಎಂದು ಎರಡು ಪದವಾಗಿ ಉಳಿದಿರುತ್ತದೆ, ಅದನ್ನು ಹಿಡಿಯಲು ಮತ್ತೆ ಕಿವಿಯೇ ಬೇಕು.

ಪಠ್ಯ ಶುದ್ಧವಾದ ಮೇಲೆ ವರ್ಡ್‌ಗೆ ತನ್ನಿ. ಶೀರ್ಷಿಕೆಯನ್ನು ದಪ್ಪಕ್ಷರ ಮಾಡಿ ಬಿಡಬೇಡಿ, Heading 1, Heading 2 ಸ್ಟೈಲ್ ಕೊಡಿ. ಆಗಲೇ ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ H ಒತ್ತಿ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ಪ್ರತಿ ಪುಟದ ತಲೆಯಲ್ಲಿ ಮರುಕಳಿಸುವ ಪಾಠದ ಹೆಸರನ್ನು ಅಳಿಸಿ, ಪುಟಸಂಖ್ಯೆಯನ್ನು ಮಾತ್ರ ಅಳಿಸಬೇಡಿ. "ಪುಟ 42" ಎಂದು ಬೇರೆ ಸಾಲಿನಲ್ಲಿ ಇಡಿ. ಕ್ಲಾಸಿನಲ್ಲಿ ಮೇಷ್ಟ್ರು "42ನೇ ಪುಟ ತೆಗೀರಿ" ಎಂದಾಗ ಅದು ಬೇಕಾಗುತ್ತದೆ. ಪುಟ ವಾಕ್ಯದ ಮಧ್ಯೆ ಬದಲಾದರೆ ಆ ವಾಕ್ಯ ಮುಗಿದ ಮೇಲೆ ಹಾಕಿ.

ಘಾತಸಂಖ್ಯೆಯ ಮೇಲೊಂದು ಕಣ್ಣಿರಲಿ. ಸೂರ್ಯನ ದೂರ 1.5 × 10⁸ ಕಿ.ಮೀ. ಎಂಬುದು ಓಸಿಆರ್‌ನಲ್ಲಿ "1.5 x 108" ಆಗಿ ಬಂದರೆ ಕೇಳುವವರಿಗೆ ಸೂರ್ಯ 162 ಕಿಲೋಮೀಟರ್ ದೂರದಲ್ಲಿರುತ್ತಾನೆ. ಇಂಥದ್ದು ಒಂದೆರಡಿದ್ದರೆ "10ರ ಘಾತ 8" ಎಂದು ಬರೆದುಬಿಡಿ. ಗಣಿತದ ಪಾಠವೇ ಆದರೆ ವರ್ಡ್‌ನ ಇಕ್ವೇಷನ್ ಬಳಸಬೇಕು, ಅದು ಇನ್ನೊಂದು ಬರಹದಷ್ಟು ಉದ್ದದ ವಿಷಯ.

ಚಿತ್ರಕ್ಕೆ "ಜಲಚಕ್ರದ ಚಿತ್ರ" ಎಂದಷ್ಟೇ ಬರೆದರೆ ಏನೂ ಬರೆಯದಿದ್ದಂತೆ. "ಕೆಳಗೆ ಬಲಕ್ಕೆ ಸಮುದ್ರ. ಅಲ್ಲಿಂದ ಮೇಲಕ್ಕೆ ಬಾಣ, ಹೆಸರು ಬಾಷ್ಪೀಕರಣ. ಮೇಲೆ ಮೋಡ. ಮೋಡದಿಂದ ಎಡಗಡೆಯ ಬೆಟ್ಟದ ಮೇಲೆ ಮಳೆ. ಬೆಟ್ಟದಿಂದ ನದಿ ಹರಿದು ಮತ್ತೆ ಸಮುದ್ರಕ್ಕೆ" ಎಂದು ಬಾಣ ಹೋದ ದಾರಿಯಲ್ಲೇ ಹೇಳಿ. ಅದೇ ಚಿತ್ರ ಅಭ್ಯಾಸದಲ್ಲಿ "ಅ, ಆ, ಇ ಭಾಗಗಳನ್ನು ಹೆಸರಿಸಿ" ಎಂದು ಬಂದಾಗ ವಿವರಣೆ ಬದಲಾಗಬೇಕು: "ಅ: ಸಮುದ್ರದಿಂದ ಮೇಲಕ್ಕೆ ಹೋಗುವ ಬಾಣ". ಅಲ್ಲಿ ಬಾಷ್ಪೀಕರಣ ಎಂದು ಬರೆದರೆ ಉತ್ತರ ನೀವೇ ಹೇಳಿದಂತಾಯಿತು.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಉದ್ದ ಗೆರೆ ಇದ್ದರೆ, ಸೆಟ್ಟಿಂಗ್ ನೋಡಿಕೊಂಡು ಸ್ಕ್ರೀನ್ ರೀಡರ್ "ಅಂಡರ್‌ಸ್ಕೋರ್" ಎನ್ನುತ್ತದೆ ಅಥವಾ ಸದ್ದಿಲ್ಲದೆ ದಾಟಿಬಿಡುತ್ತದೆ, ಆಗ ಪ್ರಶ್ನೆ ಪ್ರಶ್ನೆಯಾಗಿಯೇ ಕೇಳಿಸುವುದಿಲ್ಲ. "ಖಾಲಿ ಜಾಗ" ಎಂದು ಅಕ್ಷರದಲ್ಲೇ ಬರೆಯಿರಿ. "ಹೊಂದಿಸಿ ಬರೆಯಿರಿ"ಯನ್ನು ಕೋಷ್ಟಕದಲ್ಲಿ ಇಟ್ಟರೆ "ಸಾಂದ್ರೀಕರಣ, ನದಿ" ಎಂದು ಅಡ್ಡಸಾಲಾಗಿ ಕೇಳಿಸಿ ಅದೇ ಉತ್ತರವೇನೋ ಅನ್ನಿಸುತ್ತದೆ. ಮೊದಲು 1ರಿಂದ 5ರವರೆಗೆ ಒಂದು ಪಟ್ಟಿ, ಅದು ಮುಗಿದ ಮೇಲೆ ಅ ಇಂದ ಉ ವರೆಗೆ ಇನ್ನೊಂದು ಪಟ್ಟಿ ಕೊಡಿ.